212 ಕಾಮೆಂಟು, ಪೂರ್ತಿ ಹಣ ವಾಪಸ್

ನಾನು ಅನುವಾದಕ. ಯಂತ್ರಗಳ ಜೊತೆ ಬರುವ ಬಳಕೆದಾರರ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತೇನೆ. ನೀರು ಶುದ್ಧ ಮಾಡುವ ಯಂತ್ರವೊಂದರ ಕೈಪಿಡಿ ಮುಗಿಸಿ ಕಳಿಸಿ 20 ದಿನ ಆಗಿತ್ತು. 14 ಅಧ್ಯಾಯ, ಸುಮಾರು 18,000 ಪದ. ದುಡ್ಡು ಪೂರ್ತಿ ಬಂದಿತ್ತು, ನಾನು ಬೇರೆ ಕೆಲಸ ಹಿಡಿದಿದ್ದೆ. ಆಗ ಒಂದು ಮೇಲ್ ಬಂತು: "ಅನುವಾದದ ಗುಣಮಟ್ಟ ತೀರಾ ಕಳಪೆ. ಬಳಸಲು ಸಾಧ್ಯವೇ ಇಲ್ಲ. ಪೂರ್ತಿ ಹಣ ವಾಪಸ್ ಮಾಡಿ." ಜೊತೆಗೆ ಒಂದು ಪಿಡಿಎಫ್. ಅದರಲ್ಲಿ ಯಾರೋ ಪರಿಶೀಲಕರು ಹಾಕಿದ 212 ಕಾಮೆಂಟು.

ಇಂಥ ಮೇಲ್ ಓದಿದ ತಕ್ಷಣ ಉತ್ತರ ಬರೆಯಬಾರದು ಅನ್ನೋದನ್ನು ಹಿಂದೊಮ್ಮೆ ಪೆಟ್ಟು ತಿಂದು ಕಲಿತಿದ್ದೇನೆ. ಆಗ ರಾತ್ರಿ ಕೂತು ಮೂರು ಪುಟದ ಸಮರ್ಥನೆ ಬರೆದಿದ್ದೆ. ಬೆಳಿಗ್ಗೆ ಫೈಲ್ ತೆರೆದು ನೋಡಿದರೆ ಅವರು ತೋರಿಸಿದ್ದ ತಪ್ಪುಗಳಲ್ಲಿ ಅರ್ಧ ನಿಜವಾಗಿಯೂ ನನ್ನವೇ. ಆಮೇಲೆ ಏನು ಹೇಳಿದರೂ ಅವರು ನಂಬಲಿಲ್ಲ.

ಈ ಸಲ ನಾಲ್ಕೇ ಸಾಲು ಬರೆದೆ: "ನಿಮ್ಮ ಮೇಲ್ ಮತ್ತು ಪಿಡಿಎಫ್ ಬಂದಿದೆ. ಪ್ರತಿಯೊಂದು ಕಾಮೆಂಟನ್ನೂ ಮೂಲದ ಜೊತೆ ಹೋಲಿಸಿ ನೋಡುತ್ತೇನೆ. ಗುರುವಾರ ಸಂಜೆಯೊಳಗೆ ವಿವರವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಮುದ್ರಣಕ್ಕೆ ಕಳಿಸಬೇಡಿ."

ಇದರಲ್ಲಿ ಕ್ಷಮೆ ಇಲ್ಲ, ವಾದವೂ ಇಲ್ಲ. ರೀಫಂಡ್ ಕೊಡುತ್ತೇನೆ ಅಂತಲೂ ಇಲ್ಲ, ಕೊಡಲ್ಲ ಅಂತಲೂ ಇಲ್ಲ. ಏನು ತಪ್ಪಾಗಿದೆ ಅಂತ ಗೊತ್ತಾಗುವ ಮೊದಲೇ "ಕೆಲಸ ಸರಿ ಇಲ್ಲದ್ದಕ್ಕೆ ಕ್ಷಮಿಸಿ" ಅಂತ ಬರೆದರೆ ಮುಂದೆ ಅದನ್ನೇ ನಮ್ಮ ಮುಂದೆ ಹಿಡಿಯುತ್ತಾರೆ. ಯಾವ ದಿನ ಉತ್ತರ ಬರುತ್ತದೆ ಅನ್ನೋದನ್ನು ಮಾತ್ರ ಹೇಳಲೇಬೇಕು. ಸುಮ್ನೆ "ನೋಡುತ್ತೇನೆ" ಅಂದರೆ ಮರುದಿನ ಇನ್ನೂ ಖಾರವಾದ ಮೇಲ್ ಬರುತ್ತದೆ.

ನಮ್ಮ ಒಪ್ಪಂದದಲ್ಲಿ "ತಕರಾರು ಇದ್ದರೆ 14 ದಿನದೊಳಗೆ ತಿಳಿಸಬೇಕು" ಅನ್ನೋ ಸಾಲೂ ಇತ್ತು. ಅವಧಿ ಮುಗಿದು ಆರು ದಿನವಾಗಿದೆ ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ನಾನು ಅದನ್ನು ಎತ್ತಲಿಲ್ಲ. ಒಳಗೆ ಏನಿದೆ ಅಂತ ನೋಡದೆ ಅವಧಿಯ ಮಾತಾಡುವುದು ನನಗೆ ಸರಿ ಅನ್ನಿಸಲಿಲ್ಲ. ಆಮೇಲೆ ಸಿಕ್ಕಿದ್ದನ್ನು ನೋಡಿದರೆ, ಎತ್ತದೇ ಇದ್ದದ್ದು ಒಳ್ಳೆಯದೇ ಆಯಿತು.

ಎರಡು ದಿನ ಒಂದೊಂದೇ ಕಾಮೆಂಟ್ ನೋಡುತ್ತಾ ಕೂತೆ. ಒಂದು ಸ್ಪ್ರೆಡ್‌ಶೀಟ್ ತೆರೆದು ಐದು ಕಾಲಂ ಮಾಡಿದೆ: ಪುಟ, ಮೂಲ ವಾಕ್ಯ, ನಾನು ಕಳಿಸಿದ ಫೈಲಿನಲ್ಲಿ ಇರುವುದು, ಅವರ ಪಿಡಿಎಫ್‌ನಲ್ಲಿ ಇರುವುದು, ನನ್ನ ಅಭಿಪ್ರಾಯ. ಮೂರನೇ ಮತ್ತು ನಾಲ್ಕನೇ ಕಾಲಂ ಬೇರೆ ಬೇರೆ ಇರಲೇಬೇಕು. ಗಿರಾಕಿ ತೋರಿಸುತ್ತಿರುವುದು ನಾವು ಕೊಟ್ಟದ್ದನ್ನೇ ಅಂತ ಎಷ್ಟೋ ಜನ ಹಾಗೇ ನಂಬಿಬಿಡುತ್ತಾರೆ. ನಡುವೆ ಇನ್ನಿಬ್ಬರ ಕೈ ದಾಟಿ ಬಂದಿರುತ್ತದೆ, ಅಲ್ವಾ?

ಇಲ್ಲಿ ಆಗಿದ್ದೂ ಅದೇ. ಪಿಡಿಎಫ್‌ನ ಮೊದಲ ಪುಟದಲ್ಲೇ "ಸ್‌ವಿಚ್ ಒತ್‌ತಿ" ಅಂತಿತ್ತು. ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ಪೂರ್ತಿ ಅಕ್ಷರವಾಗಿ ನಿಂತಿತ್ತು. ಪರಿಶೀಲಕರು ಪಕ್ಕದಲ್ಲಿ "ಕಾಗುಣಿತ ತಪ್ಪು" ಅಂತ ಬರೆದಿದ್ದರು. ನನ್ನ ಫೈಲಿನಲ್ಲಿ ಅದೇ ಜಾಗದಲ್ಲಿ "ಸ್ವಿಚ್ ಒತ್ತಿ" ಅಂತ ಸರಿಯಾಗಿಯೇ ಇತ್ತು. ಪುಟವಿನ್ಯಾಸ ಮಾಡುವ InDesign ಸಾಫ್ಟ್‌ವೇರ್‌ನಲ್ಲಿ ಕನ್ನಡದಂಥ ಲಿಪಿಗಳಿಗೆ ಬೇರೆ ಸೆಟ್ಟಿಂಗ್ ಆರಿಸಬೇಕು. `World-Ready Paragraph Composer` ಅಂತ ಅದರ ಹೆಸರು. ಆರಿಸದೇ ಪಠ್ಯ ಅಂಟಿಸಿದರೆ ಅಕ್ಷರ ಹೀಗೇ ಒಡೆಯುತ್ತದೆ. ವಿನ್ಯಾಸ ಮಾಡಿದವರಿಗೆ ಕನ್ನಡ ಓದಲು ಬಂದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. 212ರಲ್ಲಿ 96 ಕಾಮೆಂಟು ಇದೊಂದರಿಂದಲೇ ಬಂದಿದ್ದವು.

ಇನ್ನು 71 ಕಾಮೆಂಟು ರುಚಿಯ ವಿಷಯ. "ಗುಂಡಿ" ಬೇಡ, "ಬಟನ್" ಇರಲಿ. "ಸೋಸುಕ" ಯಾಕೆ ಬರೆದಿಲ್ಲ, "ಫಿಲ್ಟರ್" ಇಂಗ್ಲಿಷ್ ಅಲ್ವಾ. ಒಂದು ಕಡೆ ಇಂಗ್ಲಿಷ್ ಬೇಕು, ಇನ್ನೊಂದು ಕಡೆ ಬೇಡ! ಇವುಗಳಲ್ಲಿ ಹೆಚ್ಚಿನ ಪದಗಳು ಕೆಲಸ ಶುರುವಾಗುವ ಮೊದಲೇ ಅವರೇ ನೋಡಿ ಒಪ್ಪಿದ್ದ ಪದಪಟ್ಟಿಯಲ್ಲಿ ಇದ್ದವು. 20 ಕಾಮೆಂಟು ಮೂಲಕ್ಕೇ ಹೊಂದುತ್ತಿರಲಿಲ್ಲ. ಹುಡುಕಿದರೆ, ನನಗೆ ಫೈಲ್ ಕೊಟ್ಟ ಮೇಲೆ ಅವರು ಇಂಗ್ಲಿಷ್ ಕೈಪಿಡಿಯನ್ನೇ ತಿದ್ದಿದ್ದರು. ಪರಿಶೀಲಕರ ಮುಂದೆ ಇದ್ದದ್ದು ಹೊಸ ಆವೃತ್ತಿ.

ಉಳಿದದ್ದು 25. ಅವು ನನ್ನವು. 22 ಸಣ್ಣವು: ಅಕ್ಷರ ಬಿಟ್ಟಿದ್ದು, ಒಂದೇ ಭಾಗವನ್ನು ಎರಡು ಕಡೆ ಎರಡು ಹೆಸರಿನಿಂದ ಕರೆದದ್ದು. ಮೂರು ಕಡೆ ಅರ್ಥವೇ ಸ್ವಲ್ಪ ಬದಲಾಗಿತ್ತು.

ಇಷ್ಟಾದಾಗ ಸಮಾಧಾನವಾಗಬೇಕಿತ್ತು. ಆದರೆ ಕಾಮೆಂಟ್ ಇರುವ ಜಾಗ ಮಾತ್ರ ನೋಡಿ ಬಿಡಬಾರದು. ಅರ್ಥ ಕೆಟ್ಟ ಆ ಮೂರರಲ್ಲಿ ಎರಡು, ಸುರಕ್ಷತೆಯ ಅಧ್ಯಾಯದಲ್ಲಿದ್ದವು. ಹಾಗಾಗಿ ಆ ಅಧ್ಯಾಯವನ್ನು ಪೂರ್ತಿ ಮೂಲದ ಜೊತೆ ಇಟ್ಟು ಓದಿದೆ. ಆಗ ಕಣ್ಣಿಗೆ ಬಿತ್ತು: "ಪ್ರೆಶರ್ ಗೇಜ್ ಸೊನ್ನೆಗೆ ಬರುವ ಮುಂಚೆ ಫಿಲ್ಟರ್ ಮುಚ್ಚಳ ತೆರೆಯಿರಿ."

ಮೂಲದಲ್ಲಿ ಇದ್ದದ್ದು ತೆರೆಯಬೇಡಿ ಅಂತ.

ಹೇಗಾಯಿತು ಅಂತಲೂ ಗೊತ್ತಾಯಿತು. ಅನುವಾದದ ಸಾಫ್ಟ್‌ವೇರ್ ಹಳೆಯ ವಾಕ್ಯಗಳನ್ನು ನೆನಪಿಟ್ಟುಕೊಂಡು, ಹೊಸದು ಅದಕ್ಕೆ ಹತ್ತಿರ ಇದ್ದರೆ ಹಳೆಯದನ್ನೇ ಮುಂದಿಡುತ್ತದೆ. ನಾವು ತಿದ್ದಿಕೊಳ್ಳಬೇಕು. ಅದು ಕೊಟ್ಟಿದ್ದು "ಸೊನ್ನೆಗೆ ಬಂದ ಮೇಲೆ ಮುಚ್ಚಳ ತೆರೆಯಿರಿ" ಅಂತ. ನಾನು "ಬಂದ ಮೇಲೆ" ಅನ್ನೋದನ್ನು "ಬರುವ ಮುಂಚೆ" ಮಾಡಿ, ಕೊನೆಯ ಕ್ರಿಯಾಪದ ಮರೆತು ಮುಂದೆ ಹೋಗಿದ್ದೆ. ಕನ್ನಡದಲ್ಲಿ "ಬೇಡಿ" ವಾಕ್ಯದ ತುದಿಯಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಶುರುವಿನಲ್ಲೇ ಇರುತ್ತದೆ. ಕಣ್ಣು ಅಲ್ಲಿಯವರೆಗೆ ಹೋಗುವಷ್ಟರಲ್ಲಿ ಬೆರಳು ಮುಂದಿನ ವಾಕ್ಯಕ್ಕೆ ಹೋಗಿರುತ್ತದೆ.

ಪರಿಶೀಲಕರು ಇದನ್ನು ಗುರುತಿಸಿರಲಿಲ್ಲ. ಹೇಳದೇ ಇದ್ದರೆ ಸದ್ದಿಲ್ಲದೆ ತಿದ್ದಿ ಕಳಿಸಬಹುದಿತ್ತು. ಐದು ನಿಮಿಷ ಹಾಗೇ ಯೋಚನೆ ಮಾಡಿದ್ದೂ ನಿಜ. ಆದರೆ ಹಳೆಯ ಫೈಲ್ ಯಾರ ಯಾರ ಹತ್ತಿರ ಇದೆಯೋ ನನಗೆ ಗೊತ್ತಿರಲಿಲ್ಲ. ಒತ್ತಡದಲ್ಲಿರುವ ಮುಚ್ಚಳ ತೆರೆದರೆ ಅದು ಹಾರಿ ಮುಖಕ್ಕೇ ಬಡಿಯಬಹುದು. ಗುರುವಾರದವರೆಗೆ ಕಾಯದೆ ಅವತ್ತೇ ಬರೆದೆ: ಇಂಥ ಪುಟ, ಇಂಥ ಸಾಲು, ಸರಿಯಾದ ವಾಕ್ಯ ಇದು, ತಪ್ಪು ನನ್ನದು, ಹಳೆಯ ಫೈಲ್ ಯಾರಿಗೆ ಹೋಗಿದೆಯೋ ಅವರಿಗೆಲ್ಲ ತಿಳಿಸಿ.

ಮರುದಿನ ನಾನೇ ಫೋನ್ ಮಾಡಿದೆ. ಅಲ್ಲಿಯವರೆಗೆ ಎಲ್ಲಾ ಮೇಲ್‌ನಲ್ಲೇ ನಡೆದಿತ್ತು. ಹಣದ ಮಾತು ತೆಗೆಯದೆ, "ಮೇಡಂ, ಮುದ್ರಣ ಯಾವಾಗ?" ಅಂತ ಕೇಳಿದೆ.

"ಮುಂದಿನ ವಾರ ಸರ್. ಮೇಲಿನವರು ಆ ಪಿಡಿಎಫ್ ನೋಡಿ ಸಿಟ್ಟಾಗಿದ್ದಾರೆ. ಅಕ್ಷರವೇ ಸರಿ ಇಲ್ಲ, ಇದಕ್ಕೆ ದುಡ್ಡು ಕೊಟ್ರಾ ಅಂತ ನನ್ನನ್ನೇ ಕೇಳ್ತಿದ್ದಾರೆ."

ರೀಫಂಡ್ ಕೇಳುವವರಿಗೆ ನಿಜವಾಗಿ ಬೇಕಾಗಿರುವುದು ಎಷ್ಟೋ ಸಲ ಬೇರೆಯೇ ಇರುತ್ತದೆ. ಇವರಿಗೆ ಬೇಕಾಗಿದ್ದದ್ದು ಎರಡು: ಮುಂದಿನ ವಾರಕ್ಕೆ ಮುದ್ರಣ ಮಾಡಬಹುದಾದ ಫೈಲ್, ಮತ್ತು ಮೇಲಿನವರ ಮುಂದೆ ಇಡಲು ಒಂದು ಕಾಗದ. ಹಾಗಾಗಿ ಗುರುವಾರದ ಉತ್ತರವನ್ನು ಅವರ ಮೇಲಿನವರು ಓದುತ್ತಾರೆ ಅಂತಲೇ ಬರೆದೆ. ಒಂದೇ ಪುಟ. ಮೊದಲು ನನ್ನ ತಪ್ಪುಗಳು, 25 ಮತ್ತು ನಾನೇ ಕಂಡುಕೊಂಡ ಒಂದು. ಆಮೇಲೆ ಒಡೆದ ಅಕ್ಷರಗಳ ವಿಷಯ, ನನ್ನ ಫೈಲಿನ ಚಿತ್ರ ಮತ್ತು ಅವರ ಪಿಡಿಎಫ್‌ನ ಚಿತ್ರ ಅಕ್ಕಪಕ್ಕ ಇಟ್ಟು. ವಿನ್ಯಾಸಕಾರರು ತಪ್ಪು ಮಾಡಿದರು ಅಂತ ಬರೆಯಲಿಲ್ಲ. "ಈ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ" ಅಂತ ಬರೆದೆ. ರುಚಿಯ ಪದಗಳ ಬಗ್ಗೆ ಎರಡೇ ಸಾಲು, ಒಪ್ಪಿದ ಪದಪಟ್ಟಿಯ ಜೊತೆ. ಪೂರ್ತಿ ಸ್ಪ್ರೆಡ್‌ಶೀಟ್ ಲಗತ್ತಿಸಿದೆ.

ಕೊನೆಯಲ್ಲಿ ಎರಡು ದಾರಿ ಕೊಟ್ಟೆ. ಮೊದಲನೆಯದು: ನನ್ನ ತಪ್ಪುಗಳನ್ನೂ ಹೊಸ ಆವೃತ್ತಿಯ 20 ಬದಲಾವಣೆಗಳನ್ನೂ ನಾಲ್ಕು ದಿನದಲ್ಲಿ ಉಚಿತವಾಗಿ ಮಾಡುತ್ತೇನೆ. ಇನ್ನೊಬ್ಬ ಅನುವಾದಕರಿಂದ ಸುರಕ್ಷತೆಯ ಅಧ್ಯಾಯ ಓದಿಸುತ್ತೇನೆ, ಅದರ ಖರ್ಚು ನನ್ನದು. ಬಿಲ್ಲಿನ 15% ವಾಪಸ್ ಕೊಡುತ್ತೇನೆ. ಎರಡನೆಯದು: ಪೂರ್ತಿ ಹಣ ವಾಪಸ್. ಆದರೆ ಈ ಅನುವಾದವನ್ನು ಪೂರ್ತಿಯಾಗಿ ಆಗಲಿ, ಭಾಗವಾಗಿ ಆಗಲಿ, ತಿದ್ದಿಕೊಂಡಾಗಲಿ ಎಲ್ಲೂ ಬಳಸುವುದಿಲ್ಲ ಅಂತ ಲಿಖಿತವಾಗಿ ಕೊಡಬೇಕು.

ಎರಡನೆಯದು ಬೆದರಿಕೆಯಲ್ಲ. ಅವರು ಅದನ್ನು ಆರಿಸಿದ್ದರೆ ಕೊಡುತ್ತಿದ್ದೆ. ಕೆಲಸ ಬಳಸಲು ಬಾರದು ಅನ್ನೋದು ನಿಜವಾದರೆ ಬಳಸದೇ ಇರುವುದಕ್ಕೆ ಅಡ್ಡಿ ಇರಬಾರದು, ಅಲ್ವಾ? ಕೆಲಸವೂ ಬೇಕು, ಹಣವೂ ಬೇಕು ಅನ್ನುವವರು ಇಲ್ಲಿ ಬೇಗ ಗೊತ್ತಾಗುತ್ತಾರೆ. ಹೀಗೆ ಗಟ್ಟಿಯಾಗಿ ಬರೆಯಲು ನನಗೆ ಆಧಾರ ಇತ್ತು: ಅನುವಾದದ ಹಕ್ಕು ಗಿರಾಕಿಗೆ ದಾಟುವುದು ಪೂರ್ತಿ ಹಣ ಸಂದಾಯವಾದ ಮೇಲೆ ಅಂತ ಒಪ್ಪಂದದಲ್ಲಿ ಇತ್ತು. ಆ ಸಾಲು ಇಲ್ಲದಿದ್ದರೆ ಕೇಳಿಕೊಳ್ಳಬಹುದೇ ಹೊರತು ಒತ್ತಾಯ ಮಾಡುವುದು ಕಷ್ಟ.

15% ಎಲ್ಲಿಂದ ಬಂತು ಅಂದರೆ, ತಪ್ಪುಗಳು ಜಾಸ್ತಿ ಇದ್ದದ್ದು ಎರಡು ಅಧ್ಯಾಯದಲ್ಲಿ. 14ರಲ್ಲಿ ಎರಡು ಅಂದರೆ ಸುಮಾರು 14%. ಲೆಕ್ಕ ತೋರಿಸದೆ ಒಂದು ಅಂಕಿ ಹೇಳಿದರೆ ಅದು ಚೌಕಾಸಿಯ ಶುರು ಆಗುತ್ತದೆ.

ಲೆಕ್ಕ ತೋರಿಸಿದರೂ ಚೌಕಾಸಿ ನಡೆಯಿತು ಬಿಡಿ. ಅವರು 40% ಕೇಳಿದರು. ಸುರಕ್ಷತೆಯ ತಪ್ಪು ದೊಡ್ಡದು ಅನ್ನೋದು ಅವರ ವಾದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 20%ಗೆ ಒಪ್ಪಿದೆ. ಹಣ ಕಳಿಸುವ ಮೊದಲು ಒಂದು ಮೇಲ್ ಕೇಳಿದೆ: ಈ ಕೆಲಸದ ಬಗ್ಗೆ ಇದು ಅಂತಿಮ, ಮತ್ತೆ ಹಣದ ತಕರಾರು ಇಲ್ಲ ಅಂತ. ಅದು ಬಂದ ಮೇಲೆ ಬಿಲ್ ಸಂಖ್ಯೆ ನಮೂದಿಸಿ ಕಳಿಸಿದೆ.

ತಿದ್ದಿದ ಫೈಲನ್ನು ಮೂರನೇ ದಿನವೇ ಕೊಟ್ಟೆ. ಅಧ್ಯಾಯ ಓದಿದ ಗೆಳತಿ ಇನ್ನೆರಡು ಸಣ್ಣ ತಪ್ಪು ಹಿಡಿದಳು, ಅರ್ಥ ಕೆಡುವಂಥದ್ದು ಯಾವುದೂ ಇರಲಿಲ್ಲ. ವಿನ್ಯಾಸ ಆದ ಹೊಸ ಪಿಡಿಎಫ್ ಅನ್ನು ಮುದ್ರಣಕ್ಕೆ ಮೊದಲು ನನಗೆ ಕಳಿಸಿ ಅಂದಿದ್ದೆ. ಕಳಿಸಿದರು. ಒತ್ತಕ್ಷರಗಳೆಲ್ಲ ಕೆಳಗೆ ಇಳಿದಿದ್ದವು. ಒಂದು ಚಿತ್ರದ ಕೆಳಗಿನ ಸಾಲು ಮಾತ್ರ ಇನ್ನೂ ಹಾಗೇ ಒಡೆದು ನಿಂತಿತ್ತು.

ಈಗ ಪ್ರತಿ ಕೆಲಸದ ಒಪ್ಪಂದದಲ್ಲೂ ವಿನ್ಯಾಸವಾದ ಪುಟಗಳನ್ನು ಒಮ್ಮೆ ನನಗೆ ತೋರಿಸಬೇಕು ಅಂತ ಸೇರಿಸುತ್ತೇನೆ. ಇನ್ನೊಂದು, ಕೈಪಿಡಿ ಕಳಿಸುವ ಮೊದಲು ಮೂಲದಲ್ಲಿ ನಾಟ್, ನೆವರ್, ಅನ್‌ಟಿಲ್, ಅನ್‌ಲೆಸ್ ಇರುವ ವಾಕ್ಯಗಳನ್ನಷ್ಟೇ ಸೋಸಿ ತೆಗೆದು, ಕನ್ನಡದ ವಾಕ್ಯವನ್ನು ತುದಿಯಿಂದ ಓದುತ್ತೇನೆ. ಮೊದಲು ಕ್ರಿಯಾಪದ, ಆಮೇಲೆ ಉಳಿದದ್ದು. 18,000 ಪದದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ.