ಹಳೇ ಸಂಪಿನಲ್ಲಿ ಸಿಕ್ಕಿದ ‘ಬಿ ಮೈ ಬೇಬಿ’ ಡ್ರಮ್

ಕೊನೆಗೂ ಆ ಸದ್ದು ಬಂತು. 1963ರಲ್ಲಿ ಅಮೆರಿಕದ ಹುಡುಗಿಯರ ಗುಂಪು ದಿ ರಾನೆಟ್ಸ್ ಹಾಡಿದ ‘ಬಿ ಮೈ ಬೇಬಿ’ ಶುರುವಾಗುವಾಗ ಡ್ರಮ್ ಒಂದೇ ಕೇಳುತ್ತದಲ್ಲ, ಧಮ್, ಧಧಮ್, ಛಟ್! ಆ ಛಟ್ ಹಿಂದೆ ಇರುವ ಉದ್ದನೆಯ ಎಕೋ ಬೇಕಿತ್ತು ನನಗೆ. ‘ಕಂಪ್ಯೂಟರಲ್ಲಿ ಒಂದು ರಿವರ್ಬ್ ಹಾಕಿದ್ರೆ ಆಯ್ತು, ಸಂಪಿಗ್ಯಾಕೆ ಸ್ಪೀಕರ್ ಇಳಿಸ್ತೀಯಾ ಮಾರಾಯ’ ಅಂದ ಗೆಳೆಯರೇ ಈಗ ತಮ್ಮ ಹಾಡು ಕಳಿಸಿ, ‘ಒಂದ್ಸಲ ಸಂಪಿಗೆ ಹಾಕಿ ಕೊಡು’ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸಂಪಿನ ಯೋಚನೆ ಬಂದಿದ್ದು ಆ ಹಾಡು ರೆಕಾರ್ಡ್ ಆದ ಹಾಲಿವುಡ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೊ ಬಗ್ಗೆ ಓದಿದಾಗ. 1950ರಲ್ಲಿ ಡೇವಿಡ್ ಗೋಲ್ಡ್ ಮತ್ತು ಸ್ಟ್ಯಾನ್ ರಾಸ್ ಶುರು ಮಾಡಿದ ಜಾಗ ಅದು. ಗೋಲ್ಡ್ ತಾನೇ ಲೆಕ್ಕ ಹಾಕಿ ಎಕೋ ಚೇಂಬರ್ ಕಟ್ಟಿದ. ಸಿಮೆಂಟ್ ಗಾರೆ ಮಾಡಿದ ಖಾಲಿ ಕೋಣೆ, ಉದ್ದ ಸುಮಾರು 20 ಅಡಿ, ಒಳಗೆ ನುಗ್ಗಲು ಎರಡಡಿಯ ಚೌಕ ಬಾಗಿಲು. ಓದುತ್ತಿದ್ದ ಹಾಗೆ ನಗು ಬಂತು. ಗಾರೆ ಗೋಡೆ, ಎರಡಡಿ ಬಾಯಿ, ಇದು ನಮ್ಮ ಮನೆ ಸಂಪೇ ಅಲ್ವಾ! ಹೊಸ ಸಂಪು ಕಟ್ಟಿದ ಮೇಲೆ ಹಳೆಯದು ಖಾಲಿ ಬಿದ್ದಿತ್ತು. 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ.

ಕೆಲಸದ ರೀತಿ ನಿಮಗೆ ಗೊತ್ತಿರುವುದೇ. ರೆಕಾರ್ಡ್ ಮಾಡಿದ ಸದ್ದನ್ನು ಚೇಂಬರ್ ಒಳಗಿನ ಸ್ಪೀಕರ್‌ಗೆ ಕಳಿಸುವುದು, ಒಳಗಿನ ಮೈಕ್ ಎತ್ತಿಕೊಂಡಿದ್ದನ್ನು ಮೂಲದ ಜೊತೆ ಬೆರೆಸುವುದು. ಗೋಲ್ಡ್ ಸ್ಟಾರ್‌ನಲ್ಲೂ ಇದನ್ನೇ ಮಾಡುತ್ತಿದ್ದರು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟ ಸಂಪಿಗೆ ಸೀದಾ ಇಳಿಯಬೇಡಿ, ಒಳಗಿನ ಗಾಳಿ ಕೆಟ್ಟಿರುತ್ತದೆ. ಮುಚ್ಚಳ ತೆಗೆದು, ಫ್ಯಾನ್ ಹಾಕಿ, ಮೇಲೊಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು.

ಮೊದಲು ಹೋಗಿದ್ದು ದುಡ್ಡು. ಒಳ್ಳೆಯ ಕಂಡೆನ್ಸರ್ ಮೈಕ್, ಹತ್ತಿರ ಹತ್ತಿರ 12 ಸಾವಿರದ್ದು, ತೇವಕ್ಕೆ ಚಟಪಟ ಅನ್ನಲು ಶುರು ಮಾಡಿತು. ಒಣಗಿಸಿದರೆ ಎರಡು ದಿನ ಸರಿ, ಆಮೇಲೆ ಮತ್ತೆ ಅದೇ ಕಥೆ. ಈಗ ಹಳೆಯ ಡೈನಮಿಕ್ ಮೈಕ್ ಇಟ್ಟಿದ್ದೇನೆ. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ 8 ಇಂಚಿನ ಸ್ಪೀಕರ್ ಸಿಕ್ಕಿತು. ಸಂಪು ತಿಕ್ಕಿಸಿದ್ದು, ಬಿರುಕಿಗೆ ಗಾರೆ ಹಾಕಿಸಿದ್ದು, ವೈರು, ಆಂಪ್ಲಿಫಯರ್ ಎಲ್ಲ ಸೇರಿ, ಆ ಮೈಕ್ ಬಿಟ್ಟು, 9–10 ಸಾವಿರ ಆಗಿರಬಹುದು.

ಆದರೂ ಸದ್ದು ಸರಿ ಬರಲಿಲ್ಲ. ಒಳಗೆ ಚಪ್ಪಾಳೆ ತಟ್ಟಿದರೆ ಟರ್‌ರ್ ಅಂತ ಕಂಪಿಸುತ್ತಿತ್ತು. ಎದುರುಬದುರು ಗೋಡೆಗಳು ಸಮಾನಾಂತರವಾಗಿದ್ದರೆ ಸದ್ದು ಅವೆರಡರ ನಡುವೆಯೇ ಓಡಾಡುತ್ತದೆ. ಗೋಲ್ಡ್ ಕಟ್ಟಿದ ಚೇಂಬರ್ ಆಯತವಲ್ಲ, ಗೋಡೆಗಳು ಓರೆ. ನಾನು ಸಂಪು ಒಡೆಯುವ ಹಾಗಿರಲಿಲ್ಲ. ಎರಡು ದೊಡ್ಡ ಕಡಪ ಕಲ್ಲು ತರಿಸಿ, ಒಂದು ಉದ್ದದ ಗೋಡೆಗೆ, ಇನ್ನೊಂದು ಅಡ್ಡ ಗೋಡೆಗೆ ಓರೆಯಾಗಿ ಆನಿಸಿ ನಿಲ್ಲಿಸಿದೆ. ಕಲ್ಲು ನುಣುಪು, ಸದ್ದನ್ನು ಹೀರುವುದಿಲ್ಲ, ದಿಕ್ಕು ಮಾತ್ರ ಬದಲಿಸುತ್ತದೆ. ಟರ್‌ರ್ ಅವತ್ತೇ ಹೋಯಿತು. ಎಕೋ ಎರಡು ಸೆಕೆಂಡಿಗೆ ಸ್ವಲ್ಪ ಕಡಿಮೆ ಉಳಿಯಿತು.

ಇನ್ನೊಂದು ಕಾಟ ಕೆಳಗಿನ ಸ್ವರಗಳದ್ದು. ಅಗಲ, ಆಳ ಎರಡೂ ಆರಡಿ ಇರುವುದರಿಂದ 95 ಹರ್ಟ್ಸ್ ಸುತ್ತಮುತ್ತ ಗುಂಯ್ ಅನ್ನುತ್ತದೆ. ಕಿಕ್ ಡ್ರಮ್ ಕಳಿಸಿದರೆ ಹಾಡೆಲ್ಲ ಕೆಸರು. ಅದಕ್ಕೆ ಸ್ಪೀಕರ್‌ಗೆ ಹೋಗುವ ಮೊದಲೇ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತೇನೆ. ಆಗ ಕಿಕ್‌ನ ಧಮ್ ಒಣಗಿಯೇ ಉಳಿಯುತ್ತದೆ, ಛಟ್ ಅನ್ನುವ ಸ್ನೇರ್ ಮಾತ್ರ ಎಕೋದಲ್ಲಿ ನೆನೆಯುತ್ತದೆ. ಸ್ಪೀಕರ್ ಮೂಲೆಗೆ ಮುಖ ಮಾಡಿರಬೇಕು, ಮೈಕ್ ಅದಕ್ಕೆ ಬೆನ್ನು ತಿರುಗಿಸಿರಬೇಕು. ಮೈಕ್‌ನ ಎತ್ತರ, ಮತ್ತೆ ಸದ್ದನ್ನು ಸಂಪಿಗೆ ಕಳಿಸುವ ಮುಂಚೆ ಎಷ್ಟು ಮಿಲಿಸೆಕೆಂಡ್ ತಡೆಹಿಡಿಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ತುಂಬಾ ರಾತ್ರಿ ಕಳೆದಿದ್ದೇನೆ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಹಾಡು ಆ ಹಾಡಿನ ಹಾಗಿರಲಿಲ್ಲ. ಗುಟ್ಟು ಚೇಂಬರ್‌ನಲ್ಲಿ ಅರ್ಧ ಮಾತ್ರ ಇತ್ತು. ಉಳಿದರ್ಧ ಹಾಲ್ ಬ್ಲೇನ್ ಡ್ರಮ್ ಬಾರಿಸಿದ ರೀತಿಯಲ್ಲಿತ್ತು. ಸಾಮಾನ್ಯವಾಗಿ ಸ್ನೇರ್ ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಬೀಳುತ್ತದೆ. ಈ ಹಾಡಿನ ಶುರುವಿನಲ್ಲಿ ನಾಲ್ಕಕ್ಕೆ ಮಾತ್ರ. ವೇಗ ನಿಮಿಷಕ್ಕೆ 130 ಪೆಟ್ಟಿನ ಆಸುಪಾಸು ಅಂದರೆ ಒಂದು ಸ್ನೇರ್‌ಗೂ ಇನ್ನೊಂದಕ್ಕೂ ನಡುವೆ ಹೆಚ್ಚುಕಡಿಮೆ 1.85 ಸೆಕೆಂಡ್. ಒಂದು ಛಟ್‌ನ ಎಕೋ ಪೂರ್ತಿ ಇಳಿಯುವ ಹೊತ್ತಿಗೆ ಮುಂದಿನ ಛಟ್. ನಾನು ಎರಡನೇ ಪೆಟ್ಟಿಗೂ ಸ್ನೇರ್ ಬಾರಿಸಿ ನೋಡಿದೆ. ಒಂದರ ಬಾಲದ ಮೇಲೆ ಇನ್ನೊಂದು ಬಿದ್ದು ಎಲ್ಲ ಮಬ್ಬಾಯಿತು. ಸಿಂಬಲ್ ಕಡಿಮೆ ಇರುವುದಕ್ಕೂ ಇದೇ ಕಾರಣ ಅಂತ ನನ್ನ ನಂಬಿಕೆ. ಸಂಪಿಗೆ ಸಿಂಬಲ್ ಕಳಿಸಿ ನೋಡಿ, ಹಾಡುಗಾರ್ತಿಯ ‘ಸ’ಕಾರ ಎಲ್ಲ ನುಂಗಿಹಾಕುತ್ತದೆ.

ಮಿಕ್ಕ ವಾದ್ಯಗಳ ವಿಷಯ. ಆ ಹಾಡಿನ ನಿರ್ಮಾಪಕ ಫಿಲ್ ಸ್ಪೆಕ್ಟರ್ ಒಂದೇ ಕೋಣೆಯಲ್ಲಿ ಹಲವು ಗಿಟಾರ್, ಒಂದಕ್ಕಿಂತ ಹೆಚ್ಚು ಪಿಯಾನೊ ಕೂರಿಸಿ ಒಂದೇ ಭಾಗ ನುಡಿಸಲು ಹೇಳುತ್ತಿದ್ದ. ಜ್ಯಾಕ್ ನಿಚ್ಚೆ ವಾದ್ಯ ಹೊಂದಿಸುತ್ತಿದ್ದ, ಲ್ಯಾರಿ ಲೆವಿನ್ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ. ಒಬ್ಬನ ಮೈಕ್‌ಗೆ ಪಕ್ಕದವನ ಸದ್ದು ಸೋರುತ್ತಿತ್ತು. ನಾನು ಒಂದೇ ಗಿಟಾರನ್ನು ಮೂರು ಸಲ ರೆಕಾರ್ಡ್ ಮಾಡಿ ಸೇರಿಸಿದೆ, ಆ ದಪ್ಪ ಬರಲಿಲ್ಲ. ಮೂವರನ್ನು ನಮ್ಮ ಹಾಲ್‌ನಲ್ಲಿ ಒಟ್ಟಿಗೆ ಕೂರಿಸಿ ನುಡಿಸಿದಾಗ ಬಂತು. ಯಾವ ಗಿಟಾರ್ ಎಲ್ಲಿದೆ ಅಂತ ಬೇರೆ ಮಾಡಿ ಹೇಳಲು ಆಗಬಾರದು. ಹೇಳಲು ಆದರೆ ಇನ್ನೂ ಸರಿಯಾಗಿಲ್ಲ ಅಂತ.

ನಡುವೆ ಒಂದು ಬೇರೆ ಪ್ರಯೋಗಕ್ಕೂ ಕೈ ಹಾಕಿದೆ. ಆ ಹಾಡಿನಲ್ಲಿ ಕ್ಯಾಸ್ಟನೆಟ್ ಕೇಳುತ್ತದೆ, ಕಟಕಟ ಅನ್ನುವ ಮರದ ಸದ್ದು. ನನ್ನ ಹತ್ತಿರ ಇದ್ದಿದ್ದು ದಾಸರ ಪದಕ್ಕೆ ಹಿಡಿಯುವ ಚಿಟಿಕೆ. ಅದರ ಸಣ್ಣ ಬಿಲ್ಲೆಗಳು ಸಂಪಿನಲ್ಲಿ ಝಲ್ ಝಲ್ ಅಂತ ಹಾಡನ್ನೇ ಮುಳುಗಿಸಿದವು. ಬಿಲ್ಲೆಗಳಿಗೆ ಬಟ್ಟೆ ಸುತ್ತಿದೆ, ಬರೀ ಮರ ಕೇಳಿತು. ಕ್ಯಾಸ್ಟನೆಟ್‌ಗೆ ಸಾಕಷ್ಟು ಹತ್ತಿರ. ಪ್ಲಾಸ್ಟಿಕ್ ನೀರಿನ ಟ್ಯಾಂಕ್‌ನಲ್ಲೂ ಎಕೋ ಹಿಡಿದೆ. ಡೊಳ್ಳಿನ ಹಾಗೆ ಕೇಳಿತು, ಬೇಡ.

ಕೇಳುವವರಿಗೆ ಒಂದು ಮಾತು. ‘ಬಿ ಮೈ ಬೇಬಿ’ಯನ್ನು ಮೋನೊದಲ್ಲೇ ಕೇಳಿ. ಸ್ಪೆಕ್ಟರ್ ಆ ದಿನಗಳಲ್ಲಿ ಮೋನೊಗೇ ಲೆಕ್ಕ ಹಾಕುತ್ತಿದ್ದ. ಮೊದಲ ಸಲ ಡ್ರಮ್ ಮಾತ್ರ ಗಮನಿಸಿ. ಎರಡನೇ ಸಲ ಗುಂಪಿನ ಮುಖ್ಯ ಗಾಯಕಿ ರಾನಿಯ ದನಿ. ಆಕೆಯ ದನಿ ಆ ಸದ್ದಿನ ರಾಶಿಯ ಮೇಲೆ ಎಷ್ಟು ಸಲೀಸಾಗಿ ನಿಲ್ಲುತ್ತದೆ ನೋಡಿ. ಆಮೇಲೆ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆಗಿ 1960ರ ಕೊನೆಗೆ ಬಂದ ದಿ ಶಿರೆಲ್ಸ್‌ನ ‘ವಿಲ್ ಯೂ ಲವ್ ಮಿ ಟುಮಾರೊ’ ಹಾಕಿ. ಅಲ್ಲಿ ಪಿಟೀಲುಗಳನ್ನು ಬೇರೆಯಾಗಿ ಎಣಿಸಬಹುದು ಅನ್ನುವಷ್ಟು ಬಿಡಿ ಬಿಡಿ. ಎರಡೂ ಹುಡುಗಿಯರ ಗುಂಪಿನ ಹಾಡೇ, ನಡುವೆ ಮೂರು ವರ್ಷವೂ ಇಲ್ಲ.

ಸಂಪಿನ ಮಿತಿ ಮಳೆಗಾಲ. ನೆಲದ ನೀರು ಒಸರಿ ತಳದಲ್ಲಿ ನಿಲ್ಲುತ್ತದೆ, ಕೆಲಸ ನಿಲ್ಲಿಸಲೇಬೇಕು. ದೀಪಾವಳಿ ಕಳೆದ ಮೇಲೆ ಎರಡು ಪಿಯಾನೊ ಬಾಡಿಗೆಗೆ ತಂದು ಒಟ್ಟಿಗೆ ನುಡಿಸಬೇಕು ಅಂತಿದ್ದೇನೆ. ಗಿಟಾರ್ ಹುಡುಗರು ಆಗಲೇ ಒಪ್ಪಿದ್ದಾರೆ.