42 ಸಾವಿರದ ಲ್ಯಾಪ್‌ಟಾಪ್: ಎಸ್‌ಎಸ್‌ಡಿ ಮೊದಲೇ, ರ್‍ಯಾಮ್ ಆಮೇಲೆ

2023ರಲ್ಲಿ ನಾನು ಇನ್ಫರ್ಮೇಷನ್ ಸೈನ್ಸ್ ಎರಡನೇ ವರ್ಷಕ್ಕೆ ಬಂದಾಗ ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ 42 ಸಾವಿರ ತೆಗೆದಿಟ್ಟರು. "ಇಷ್ಟರೊಳಗೆ ನೋಡ್ಕೋ ಮಗಾ, ಓದು ಮುಗಿಯೋ ತನಕ ಬರ್ಬೇಕು" ಅಂದರು. ಮೊದಲ ವರ್ಷವೆಲ್ಲ ಕಾಲೇಜಿನ ಲ್ಯಾಬ್ ಕಂಪ್ಯೂಟರಿನಲ್ಲೇ ಕಳೆದಿದ್ದೆ. ಸಿ ಪ್ರೋಗ್ರಾಂ ಬರೆಯೋದಕ್ಕೆ, ತೆರೆದಿಟ್ಟ ಕೆಲಸಗಳನ್ನು ಹಿಡಿದಿಟ್ಟುಕೊಳ್ಳುವ 4 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತಿತ್ತು. ಮುಂದೆ ಆಂಡ್ರಾಯ್ಡ್ ಆ್ಯಪ್, ಡೇಟಾಬೇಸ್, ಲಿನಕ್ಸ್ ಎಲ್ಲ ಬರುತ್ತವೆ ಅಂತ ಗೊತ್ತಿದ್ದರಿಂದ ಎಷ್ಟು ಬೇಕು ಅನ್ನೋದೇ ಚಿಂತೆಯಾಗಿತ್ತು.

ಅಂಗಡಿಗಳಲ್ಲಿ ವಿಚಾರಿಸಿದಾಗ ಮೂರು ಬೆಲೆ ಕಂಡವು. 8 ಜಿಬಿ ರ್‍ಯಾಮ್, ಫೈಲುಗಳನ್ನು ಉಳಿಸಿಡುವ 256 ಜಿಬಿ ಎಸ್‌ಎಸ್‌ಡಿ ಇದ್ದದ್ದು 36 ಸಾವಿರ. ರ್‍ಯಾಮ್ ಅಷ್ಟೇ ಇದ್ದು 512 ಜಿಬಿ ಎಸ್‌ಎಸ್‌ಡಿ ಇದ್ದದ್ದು 39 ಸಾವಿರದ ಆಸುಪಾಸು. 16 ಜಿಬಿ, 512 ಜಿಬಿಗೆ 47 ಸಾವಿರ. ಕೊನೆಯದು ಕೈಗೆ ಎಟುಕುವಂತಿರಲಿಲ್ಲ. ಆದರೆ ಅದು ನಿಜಕ್ಕೂ ಬೇಕಾ ಅಂತ ತಿಳಿಯದೆ ಬಿಡೋಕೂ ಮನಸ್ಸಾಗಲಿಲ್ಲ.

ಹಾಸ್ಟೆಲಿನಲ್ಲಿ ಮೂರನೇ ವರ್ಷದ ಸೀನಿಯರ್ ಒಬ್ಬರ ಹತ್ತಿರ 16 ಜಿಬಿ ಲ್ಯಾಪ್‌ಟಾಪ್ ಇತ್ತು. ಒಂದು ಸಂಜೆ ಅವರ ರೂಮಿಗೆ ಹೋಗಿ, "ಅಣ್ಣಾ, ನೀವು ದಿನಾ ಮಾಡೋ ಕೆಲಸ ಮಾಡ್ತಾ ಇರಿ, ನಾನು ಪಕ್ಕದಲ್ಲಿ ಕೂತು ಲೆಕ್ಕ ಬರ್ಕೋತೀನಿ" ಅಂದೆ. `Ctrl+Shift+Esc` ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಅದರಲ್ಲಿ `Performance`, ಅದರೊಳಗೆ `Memory`. ಬರೀ ವಿಂಡೋಸ್ 11 ಓಡುವಾಗಲೇ 4 ಜಿಬಿ ಹತ್ತಿರ ಬಳಕೆ ಇತ್ತು. ಬ್ರೌಸರ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್, ವಿಎಸ್ ಕೋಡ್, ಒಂದು ಪಿಡಿಎಫ್ ಸೇರಿದಾಗ ಆರೂವರೆ ಆಯಿತು. ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ತೆರೆದು, ಪರದೆಯ ಮೇಲೆ ಫೋನಿನಂತೆ ನಡೆಯುವ ಎಮ್ಯುಲೇಟರ್ ಓಡಿಸಿದಾಗ 11 ದಾಟಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ರ್‍ಯಾಮ್ ಜಾಸ್ತಿ ಇದ್ದರೆ ವಿಂಡೋಸ್ ಜಾಸ್ತಿಯೇ ಬಳಸುತ್ತದೆ, ಹಾಗಾಗಿ ಅದೇ ಕೆಲಸಕ್ಕೆ 8 ಜಿಬಿ ಯಂತ್ರದಲ್ಲಿ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ. ಆದರೂ 11 ಅನ್ನೋದನ್ನು 8ರಲ್ಲಿ ಕೂರಿಸೋಕಾಗಲ್ಲ. ಸಾಲದೆ ಬಂದಾಗ ವಿಂಡೋಸ್ ಒಂದಷ್ಟನ್ನು ಎಸ್‌ಎಸ್‌ಡಿಗೆ ತಳ್ಳಿ ಮತ್ತೆ ಎಳೆದುಕೊಳ್ಳುತ್ತಾ ಇರುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ್‍ಯಾಮ್‌ಗೆ ಸಮ ಬರಲ್ಲ, ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗುವಾಗೆಲ್ಲ ತಡವರಿಸುತ್ತದೆ. ಅಂದರೆ ನನಗೆ ಮೊದಲ ಒಂದು ವರ್ಷಕ್ಕೆ 8 ಸಾಕು, ಆ್ಯಪ್ ಕೆಲಸ ಶುರುವಾದ ಮೇಲೆ 16 ಬೇಕೇ ಬೇಕು ಅಂತಾಯಿತು.

ಆಗ 8 ಜಿಬಿಯ ಡಿಡಿಆರ್4 ಲ್ಯಾಪ್‌ಟಾಪ್ ರ್‍ಯಾಮ್ ಒಂದಕ್ಕೆ 1,800 ರೂಪಾಯಿ ಇತ್ತು. ಅಂಗಡಿಯಲ್ಲಿ ಅದೇ 8 ಜಿಬಿ ಹೆಚ್ಚಿಗೆ ಇರುವ ಮಾಡೆಲ್‌ಗೆ ಏಳೆಂಟು ಸಾವಿರ ಜಾಸ್ತಿ. ಆಮೇಲೆ ಹಾಕಿಸಿಕೊಳ್ಳೋದೇ ಲಾಭ, ಆದರೆ ಹಾಕೋದಕ್ಕೆ ಒಳಗೆ ಖಾಲಿ ಸ್ಲಾಟ್ ಇರಬೇಕು. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಚಿಪ್ಪುಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸ್ಲಾಟೂ ಕೊಡದಿದ್ದರೆ ಕೊಂಡಾಗ ಎಷ್ಟಿತ್ತೋ ಕೊನೆವರೆಗೂ ಅಷ್ಟೇ.

ಇದರಲ್ಲೇ ನಾನು ಮೋಸಹೋಗುವುದರಲ್ಲಿದ್ದೆ. ಒಂದು ಅಂಗಡಿಯಲ್ಲಿ ತೆಳ್ಳಗಿನ, ಚೆಂದದ ಲ್ಯಾಪ್‌ಟಾಪ್ ತೋರಿಸಿ, "ರ್‍ಯಾಮ್ ಯಾವಾಗ ಬೇಕಾದ್ರೂ ಹಾಕ್ಸ್ಕೋಬಹುದು, ತಗೊಳ್ಳಿ" ಅಂದರು. ಪ್ರದರ್ಶನಕ್ಕೆ ಇಟ್ಟಿದ್ದ ಯಂತ್ರದಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದೆ. `Form factor` ಎದುರಿಗೆ `Row of chips` ಅಂತಿತ್ತು. ಸ್ಲಾಟಿಗೆ ಹಾಕಿದ ರ್‍ಯಾಮ್ ಆಗಿದ್ದರೆ ಅಲ್ಲಿ `SODIMM` ಅಂತ ಇರುತ್ತದೆ. ಬೆಸುಗೆ ಹಾಕಿದ ಯಂತ್ರಗಳಲ್ಲಿ `Slots used` ಅನ್ನೋ ಸಾಲು ಇಲ್ಲದ ಸ್ಲಾಟನ್ನೂ ಎಣಿಸಿ ತೋರಿಸುವುದುಂಟು, ಅದನ್ನೊಂದೇ ನಂಬಬಾರದು. ಮನೆಗೆ ಬಂದು ಆ ಮಾಡೆಲ್ ಸಂಖ್ಯೆಯನ್ನು ಪೂರ್ತಿಯಾಗಿ ಹಾಕಿ ಕಂಪನಿಯ ಸರ್ವಿಸ್ ಮ್ಯಾನ್ಯುಅಲ್ ತೆಗೆದು ನೋಡಿದೆ. ಸ್ಲಾಟೇ ಇರಲಿಲ್ಲ. ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರಗಳನ್ನೂ ಬಿಡದೆ ಹೋಲಿಸಬೇಕು, ಒಂದೇ ಹೆಸರಿನ ಲ್ಯಾಪ್‌ಟಾಪ್ ಎರಡು ಮೂರು ಬಗೆಯಲ್ಲಿ ಬರುತ್ತದೆ.

ಎಸ್‌ಎಸ್‌ಡಿ ವಿಷಯದಲ್ಲಿ ನನ್ನ ಲೆಕ್ಕ ಉಲ್ಟಾ ಇತ್ತು. 256ರದ್ದು ತಗೊಂಡು 3 ಸಾವಿರ ಉಳಿಸೋಣ ಅಂತ ಮೊದಲು ಅನ್ನಿಸಿತ್ತು. ಆದರೆ ಡಬ್ಬಿಯ ಮೇಲೆ 256 ಅಂತಿದ್ದರೆ ವಿಂಡೋಸ್‌ನಲ್ಲಿ ಕಾಣೋದು 238. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 512 ಅಂದರೆ 476. ಸೀನಿಯರ್ ಯಂತ್ರದಲ್ಲಿ ನೋಡಿದಂತೆ ವಿಂಡೋಸ್ ಮತ್ತು ಸಣ್ಣಪುಟ್ಟ ಸಾಫ್ಟ್‌ವೇರ್‌ಗೆ 70 ಜಿಬಿ, ಆಂಡ್ರಾಯ್ಡ್ ಸ್ಟುಡಿಯೊ ಮತ್ತು ಅದರ ಎಮ್ಯುಲೇಟರ್‌ಗಳಿಗೆ 30, ವರ್ಚುವಲ್ ಯಂತ್ರದೊಳಗಿನ ಉಬುಂಟು ಲಿನಕ್ಸ್‌ಗೆ 30, ನೋಟ್ಸು, ವಿಡಿಯೊ, ಫೋನಿನ ಫೋಟೊ ಎಲ್ಲ ಸೇರಿ 60. ಒಟ್ಟು 190. 238ರಲ್ಲಿ ಹಿಡಿಸುತ್ತದೆ ನಿಜ, ಆದರೆ ಉಳಿಯೋದು 48. ವಿಂಡೋಸ್ ಅಪ್‌ಡೇಟ್‌ಗೂ ಜಾಗ ಬೇಕು, ತುಂಬುತ್ತಾ ಬಂದಂತೆ ಎಸ್‌ಎಸ್‌ಡಿ ಬರೆಯುವ ವೇಗವೂ ಇಳಿಯುತ್ತದೆ.

ಆಮೇಲೆ ದೊಡ್ಡದು ಹಾಕಿಸೋಣ ಅಂದರೆ, ನನ್ನ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಎಸ್‌ಎಸ್‌ಡಿಗೆ ಇದ್ದದ್ದು ಒಂದೇ ಜಾಗ. ಇದ್ದದ್ದನ್ನು ಕಿತ್ತು ಹೊಸದನ್ನು ಹಾಕಬೇಕು, ವಿಂಡೋಸ್ ಸಮೇತ ಎಲ್ಲವನ್ನೂ ಅದಕ್ಕೆ ನಕಲು ಮಾಡಬೇಕು, ಹಳೆಯದಕ್ಕೆ ಕೊಟ್ಟ ದುಡ್ಡು ಹೋದ ಹಾಗೆ. ರ್‍ಯಾಮ್ ಆದರೆ ಇದ್ದದ್ದರ ಪಕ್ಕಕ್ಕೆ ಸೇರುತ್ತದೆ. ಅದಕ್ಕೇ 512 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ್‍ಯಾಮ್, ಒಂದು ಖಾಲಿ ಸ್ಲಾಟ್ ಇರೋದನ್ನೇ ಹುಡುಕಿ 39,500ಕ್ಕೆ ತಂದೆ. ನೋಡೋಕೆ ಸ್ವಲ್ಪ ದಪ್ಪ.

ಮೊದಲ ದಿನ ತೆರೆದಾಗ ಬಳಕೆಗೆ ಸಿಗುವ ರ್‍ಯಾಮ್ 7.3 ಅಂತ ತೋರಿಸಿ ಗಾಬರಿಯಾಗಿತ್ತು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದೇ ರ್‍ಯಾಮ್‌ನಿಂದ ಪಾಲು ತೆಗೆದುಕೊಳ್ಳುತ್ತದೆ. ಅದು `Hardware reserved` ಅನ್ನೋ ಸಾಲಿನಲ್ಲಿ ಕಾಣುತ್ತದೆ.

ಐದನೇ ಸೆಮಿಸ್ಟರಿನಲ್ಲಿ ಆಂಡ್ರಾಯ್ಡ್ ಪ್ರಾಜೆಕ್ಟ್ ಶುರುವಾದಾಗ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಒಳಗಿದ್ದ ಹಾಗೆಯೇ ಡಿಡಿಆರ್4, 3200 ವೇಗದ 8 ಜಿಬಿ ರ್‍ಯಾಮ್ ತಂದೆ. ವಾರಂಟಿಗೆ ತೊಂದರೆ ಇಲ್ಲ ಅಂತ ಮೊದಲೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡಿದ್ದೆ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ತಳದ ಸ್ಕ್ರೂ ಬಿಚ್ಚಿ, ಅಂಚಿನಲ್ಲಿ ಹಳೆಯ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಮುಚ್ಚಳ ಎಬ್ಬಿಸಿದೆ. ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ರ್‍ಯಾಮನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದೆ. ಆನ್ ಮಾಡಿದರೆ ಮತ್ತೆ 8 ಜಿಬಿಯೇ!

ಇನ್ನೊಮ್ಮೆ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ರ್‍ಯಾಮಿನ ಚಿನ್ನದ ಬಣ್ಣದ ಅಂಚು ಸ್ಲಾಟಿನಿಂದ ಸ್ವಲ್ಪ ಹೊರಗೇ ಕಾಣುತ್ತಿತ್ತು. ತೆಗೆದು, ಓರೆಯಲ್ಲೇ ಇನ್ನಷ್ಟು ಒಳಕ್ಕೆ ದೂಡಿ ಆಮೇಲೆ ಕೆಳಕ್ಕೆ ಒತ್ತಿದಾಗ ಎರಡೂ ಬದಿಯ ಕೊಕ್ಕೆಗಳು ಟಕ್ ಅಂತ ಕೂತವು. ಈ ಸಲ ಆನ್ ಮಾಡಿದಾಗ ಪರದೆ ಅರ್ಧ ನಿಮಿಷ ಕಪ್ಪಾಗೇ ಇತ್ತು. ಹೊಸ ರ್‍ಯಾಮನ್ನು ಯಂತ್ರ ಪರೀಕ್ಷಿಸಿ ಹೊಂದಿಸಿಕೊಳ್ಳುವ ಹೊತ್ತದು, ಆಗ ಪವರ್ ಬಟನ್ ಒತ್ತಬಾರದು. ಆಮೇಲೆ `Slots used: 2 of 2` ಬಂತು. ಎಮ್ಯುಲೇಟರ್, ಬ್ರೌಸರ್ ಎಲ್ಲ ಒಟ್ಟಿಗೆ ತೆರೆದರೂ ತಡವರಿಸುವುದು ನಿಂತಿತು.

ಈಗ ತಂಗಿಗೆ ಲ್ಯಾಪ್‌ಟಾಪ್ ನೋಡುತ್ತಿದ್ದೇವೆ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಬಹಳ ಏರಿರುವುದರಿಂದ ನನ್ನ 1,800ರ ಲೆಕ್ಕ ಅವಳಿಗೆ ನಡೆಯಲ್ಲ. ಹಾಗಾಗಿ 8 ಮತ್ತು 16ರ ಮಾಡೆಲ್‌ಗಳ ನಡುವಿನ ವ್ಯತ್ಯಾಸವನ್ನೂ, ಬಿಡಿಯಾಗಿ ಸಿಗುವ ರ್‍ಯಾಮಿನ ಅವತ್ತಿನ ಬೆಲೆಯನ್ನೂ ಪಕ್ಕಪಕ್ಕ ಬರೆದುಕೊಂಡೇ ಅಂಗಡಿಗೆ ಹೋಗುತ್ತೇವೆ. ವ್ಯತ್ಯಾಸ ಕಡಿಮೆಯಾದರೆ 16ರದ್ದನ್ನೇ ತರುತ್ತೇವೆ. ಅವಳದು ಸಿವಿಲ್ ಬ್ರಾಂಚ್ ಆದ್ದರಿಂದ ಅಲ್ಲಿನ ಸೀನಿಯರ್ ಒಬ್ಬರ ಯಂತ್ರದ ಮುಂದೆ ಒಂದು ಸಂಜೆ ಕೂತು ಬರ್ಕೊಂಡು ಬಾ ಅಂತ ಅವಳಿಗೆ ಹೇಳಿದ್ದೇನೆ.