ಮೂರು ದಾಳದಿಂದ e ಸಿಕ್ಕಿತು

ಸೊನ್ನೆಯಿಂದ ಒಂದರೊಳಗಿನ ಸಂಖ್ಯೆಗಳನ್ನು ಕಣ್ಣುಮುಚ್ಚಿ ಎತ್ತುತ್ತಾ ಕೂಡುತ್ತಾ ಹೋದರೆ, ಮೊತ್ತ ಒಂದನ್ನು ದಾಟಲು ಸರಾಸರಿ e ಸಲ, ಅಂದರೆ 2.718 ಸಲ ಎತ್ತಬೇಕು. ಇದನ್ನು ಪಿಯು ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. "ಸುಮ್ನೆ ಬೋರ್ಡ್ ಮೇಲೆ ಬರೆದುಬಿಡಿ ಸರ್" ಅಂದರು.

ಮೊದಲ ವರ್ಷ ಚೀಟಿ ಮಾಡಿದೆ. 1ರಿಂದ 10ರವರೆಗೆ ಬರೆದು ಡಬ್ಬಕ್ಕೆ ಹಾಕಿದ್ದು. ಎತ್ತಿದ್ದನ್ನು ವಾಪಸ್ ಹಾಕಬೇಕು, 10 ದಾಟಿದರೆ ನಿಲ್ಲಿಸಬೇಕು. ಆರುನೂರು ಆಟ ಆಡಿದರೂ ಸರಾಸರಿ 2.6ರ ಹತ್ತಿರವೇ ನಿಂತಿತು. ಎರಡು ಬೆಂಚಿನವರದು 1.6 ಬಂದಿತ್ತು; ಅವರು ದಾಟಿಸಿದ ಕೊನೆಯ ಚೀಟಿಯನ್ನೇ ಎಣಿಸಿರಲಿಲ್ಲ. ಅದನ್ನು ಸರಿಮಾಡಿದರೂ 2.6 ಕದಲಲಿಲ್ಲ.

ಸುಳಿವು ಸಿಕ್ಕಿದ್ದು ಪಟ್ಟಿಯಲ್ಲಿ. ಎರಡೇ ಚೀಟಿಗೆ ಮುಗಿದ ಆಟಗಳು ಅರ್ಧ ಇರಬೇಕಿತ್ತು, ನಮ್ಮಲ್ಲಿ ನೂರಕ್ಕೆ 55ರಷ್ಟಿದ್ದವು. ಲೆಕ್ಕ ಹಾಕಿದರೆ ಚೀಟಿಯ ಆಟದ ನಿಜವಾದ ಉತ್ತರವೇ 1.1ರ ಹತ್ತನೇ ಘಾತ, 2.594. ನೂರಕ್ಕೆ ನೂರು ಬಡ್ಡಿಯನ್ನು ಹತ್ತು ಕಂತಲ್ಲಿ ಸೇರಿಸಿದರೆ ಒಂದು ರೂಪಾಯಿ ಆಗುವಷ್ಟೇ! ಅಂದರೆ ಮಕ್ಕಳು ತಪ್ಪು ಮಾಡಿರಲಿಲ್ಲ. ಚೀಟಿಗಳೇ ಒರಟಾಗಿದ್ದವು.

ಮರುವರ್ಷ ಕೈಯಿಂದ ಸುಮಾರು 1,200 ರೂಪಾಯಿ ಹಾಕಿ ಹತ್ತು ಮುಖದ ದಾಳ ತರಿಸಿದೆ. ಅವುಗಳಲ್ಲಿ 0ಯಿಂದ 9 ಇರುತ್ತದೆ. ಒಂದೇ ದಾಳ ಎಸೆದು 10 ಮುಟ್ಟಿದಾಗ ನಿಲ್ಲಿಸಿದರೆ ಈ ಸಲ ಜಾಸ್ತಿ, 2.87 ಬಂತು. ದುಡ್ಡು ಹೋಯಿತು ಅಂತ ಎಲ್ಲರೂ ಅಂದರು. ನಾನು ಬಿಡಲಿಲ್ಲ. ಮೂರು ದಾಳ ಒಟ್ಟಿಗೆ ಎಸೆದು, ಬಣ್ಣದ ಕ್ರಮದಲ್ಲಿ ಮೂರಂಕಿಯಾಗಿ ಓದಿಸಿದೆ, 1000 ಮುಟ್ಟಿದಾಗ ನಿಲ್ಲಿಸಬೇಕು. ಕೆಂಪು 4, ನೀಲಿ 0, ಹಸಿರು 7 ಬಿದ್ದರೆ 407. ಆಮೇಲೆ 385, ಮೊತ್ತ 792. ಆಮೇಲೆ 266, 1000 ದಾಟಿತು, ಮೂರು ಎಸೆತ. ಹೀಗೆ ಆಡಿದರೆ ನಿಜವಾದ ಉತ್ತರ 2.7196, e ಪಕ್ಕದಲ್ಲೇ.

ಸಾವಿರದ ಚಿಲ್ಲರೆ ಆಟಕ್ಕೆ ನಮ್ಮ ತರಗತಿಗೆ 2.71 ಬಂತು. ಅಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಇದೆ, ಸಾವಿರ ಆಟಕ್ಕೆ 0.03ರಷ್ಟು ಆಚೀಚೆ ಆಗುವುದು ಸಹಜ. ಎರಡನೇ ದಶಮಾಂಶ ಗಟ್ಟಿಯಾಗಲು ಮೂವತ್ತು ಸಾವಿರ ಆಟವಾದರೂ ಬೇಕು. ಅಷ್ಟಕ್ಕೆ ಕಂಪ್ಯೂಟರೇ ಸರಿ:

```python
import random
t = 0
for _ in range(1000000):
    s = 0
    while s <= 1:
        s += random.random()
        t += 1
print(t / 1000000)
```

ಅದೇ ದಾಳಗಳಲ್ಲಿ 2000 ದಾಟುವ ಆಟವನ್ನೂ ಆಡಿಸಿದೆ, 4.67ರ ಆಸುಪಾಸು ಬಂತು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಸಾವಿರ ಆಟ ಹೇಗೆ ಮುಗಿಸಿದೆ ಅನ್ನೋದನ್ನು ಮಾತ್ರ ಈಗ ಹೇಳಲ್ಲ, ಅದು ನನ್ನ ಗುಟ್ಟು. ಈ ವರ್ಷ ಪಕ್ಕದ ಸೆಕ್ಷನ್‌ನವರು ದಾಳ ಎರವಲು ಒಯ್ದಿದ್ದಾರೆ.